ಕ್ಯಾರಮೆಲ್‌ಗೆ ಉಪ್ಪು ಬಂದ ದಾರಿ



ಹಳೆಯ ಫ್ರಾನ್ಸಿನಲ್ಲಿ ಉಪ್ಪಿನ ಮೇಲೆ 'ಗಾಬೆಲ್' ಎಂಬ ತೆರಿಗೆಯಿತ್ತು. ಅದರ ಭಾರ ಹೆಚ್ಚಿದ್ದ ಪ್ರಾಂತ್ಯಗಳಲ್ಲಿ ಬೆಣ್ಣೆಗೆ ಧಾರಾಳವಾಗಿ ಉಪ್ಪು ಹಾಕುವುದು ದುಬಾರಿಯ ಮಾತು. ಕಡಲತಡಿಯ ಬ್ರಿಟನಿ ಮಾತ್ರ 1532ರಲ್ಲಿ ಫ್ರಾನ್ಸಿಗೆ ಸೇರಿದ ಮೇಲೂ ಆ ತೆರಿಗೆಯಿಂದ ಹೊರಗುಳಿಯಿತು. ಅಲ್ಲಿನ ಗೆರಾಂಡ್‌ನ ಉಪ್ಪಿನ ಗದ್ದೆಗಳಿಂದ ಅಗ್ಗದ ಉಪ್ಪು ಸಿಗುತ್ತಿತ್ತು, ಬೆಣ್ಣೆ ಕೆಡದಂತೆ ಜನ ಅದನ್ನು ಕಲಸಿಟ್ಟರು. 1790ರಲ್ಲಿ ತೆರಿಗೆ ಹೋಯಿತು, ನಾಲಿಗೆಯ ರೂಢಿ ಹೋಗಲಿಲ್ಲ. 1977ರಲ್ಲಿ ಕೀಬೆರಾನ್ ಊರಿನಲ್ಲಿ ಅಂಗಡಿ ತೆರೆದ ಆನ್ರಿ ಲ ರೂ ಎಂಬ ಮಿಠಾಯಿಗಾರ, ಈ ಉಪ್ಪುಬೆಣ್ಣೆಯನ್ನೇ ಹಾಕಿ ಕ್ಯಾರಮೆಲ್ ಮಿಠಾಯಿ ಮಾಡಿ ಹೆಸರಾದ. ಆ ರುಚಿಗೆ ಕ್ರೀಮ್ ಹೆಚ್ಚಿಸಿ ತೆಳುವಾಗಿಸಿದರೆ ಸಾಸ್.

ಸಾಸಿಗೆ 200 ಗ್ರಾಂ ಸಕ್ಕರೆಯನ್ನು ಎರಡು ಬಗೆಯಲ್ಲಿ ಕರಗಿಸಬಹುದು. ಒಣ ವಿಧಾನದಲ್ಲಿ ನೀರಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಹಿಡಿ ಸಕ್ಕರೆ ಹರಡಿ, ಅದು ಕರಗಿದಂತೆ ಇನ್ನಷ್ಟು ಉದುರಿಸುತ್ತಾ ಹೋಗಬೇಕು. ಬೇಗ ಮುಗಿಯುತ್ತದೆ, ಆದರೆ ಅಂಚು ಕಪ್ಪಾಗುವಾಗ ನಡುವೆ ಇನ್ನೂ ಬಿಳಿ ಇರಬಹುದು. ಗಂಟಾದರೆ ಗಾಬರಿ ಬೇಡ, ಉರಿ ತಗ್ಗಿಸಿದರೆ ಕರಗುತ್ತದೆ.

ನೀರಿನ ವಿಧಾನದಲ್ಲಿ ಸುಮಾರು 60 ಮಿಲಿಲೀಟರ್ ನೀರು ಸೇರುತ್ತದೆ. ಶಾಖ ಸಮವಾಗಿ ಹರಡುತ್ತದೆ, ಆದರೆ ನೀರೆಲ್ಲ ಆರುವ ತನಕ ಬಣ್ಣ ಬಾರದು. ಹರಳುಗಟ್ಟುವ ಕಾಟ ಹೆಚ್ಚು ಇಲ್ಲಿಯೇ. ಕುದಿಯುವ ಪಾಕ ಪಾತ್ರೆಯ ಗೋಡೆಗೆ ಸಿಡಿದು ಒಣಗುತ್ತದೆ. ಅದರ ಒಂದು ಕಣ ಮತ್ತೆ ಒಳಗೆ ಬಿದ್ದರೂ ಸಾಕು, ಅದನ್ನೇ ಹಿಡಿದು ಇಡೀ ಪಾಕ ಬೆಳ್ಳಗೆ ಮರಳಾಗಬಹುದು. ಆದ್ದರಿಂದ ಸಕ್ಕರೆ ಕರಗುವವರೆಗಷ್ಟೇ ಸೌಟಾಡಿಸಿ, ಕುದಿ ಬಂದ ಮೇಲೆ ಪಾತ್ರೆಯನ್ನೇ ಮೆಲ್ಲಗೆ ಅಲುಗಿಸಬೇಕು. ಗೋಡೆಯನ್ನು ಒದ್ದೆ ಬ್ರಷ್‌ನಿಂದ ತೊಳೆಯಬೇಕು. ಅರ್ಧ ಚಮಚ ನಿಂಬೆರಸವೂ ಕಾಪಾಡುತ್ತದೆ. ಹುಳಿ ಸಕ್ಕರೆಯ ಒಂದು ಪಾಲನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುವುದರಿಂದ, ಉಳಿದ ಸಕ್ಕರೆಯ ಕಣಗಳು ಸಾಲುಗೂಡಿ ಹರಳಾಗಲು ತೊಡಕಾಗುತ್ತದೆ. ಜಾಮೂನಿನ ಪಾಕಕ್ಕೆ ನಮ್ಮ ಹೆಂಗಸರು ನಿಂಬೆಹಣ್ಣು ಹಿಂಡುವುದೂ ಇದಕ್ಕೇ. ಅಷ್ಟಾದರೂ ಮರಳಾಯಿತೆನ್ನಿ, ಇನ್ನಷ್ಟು ನೀರು ಹೊಯ್ದು ಮೊದಲಿನಿಂದ ಕರಗಿಸಿ.

ಇಷ್ಟು ಕಡಿಮೆ ಸಕ್ಕರೆಗೆ ನನ್ನ ಮತ ಒಣ ವಿಧಾನಕ್ಕೆ. ಉರಿಯ ಅಂದಾಜು ಸಿಗದವರಿಗೆ ನೀರಿನದು ವಾಸಿ, ಅದು ಯೋಚಿಸಲು ಪುರುಸೊತ್ತು ಕೊಡುತ್ತದೆ.

ತಾಮ್ರದ ಬಣ್ಣ ಬಂದು ಹೊಗೆ ಏಳುವ ಮುಂಚೆ ಕೆಳಗಿಳಿಸಿ. 90 ಗ್ರಾಂ ಬೆಣ್ಣೆ ಕಲಸಿ, ಬೆಚ್ಚಗಿನ 120 ಮಿಲಿಲೀಟರ್ ಕ್ರೀಮನ್ನು ಸ್ವಲ್ಪಸ್ವಲ್ಪವಾಗಿ ಸುರಿಯಿರಿ. ನೊರೆ ಉಕ್ಕಿ ಆವಿ ಮುಖಕ್ಕೆ ಹೊಡೆಯುತ್ತದೆ, ಹಾಗಾಗಿ ಪಾತ್ರೆ ಆಳವಾಗಿರಲಿ. ತಣ್ಣನೆಯ ಕ್ರೀಮ್ ಸುರಿದರೆ ಸಕ್ಕರೆ ಗಟ್ಟಿಯಾಗಿ ಗಂಟಾಗುತ್ತದೆ, ಸಣ್ಣ ಉರಿಯಲ್ಲಿ ಕಲಕಿದರೆ ಬಿಡುತ್ತದೆ.

ಉಪ್ಪು ಕೊನೆಗೆ, ಅರ್ಧ ಚಮಚ. ರುಚಿ ನೋಡುವುದು ಆರಿದ ಮೇಲೆ, ಬಿಸಿ ಸಕ್ಕರೆ ನಾಲಿಗೆ ಸುಡುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪೊಟ್ಟಣದ ಬೆಣ್ಣೆಗೆ ಬಹುಪಾಲು ಮೊದಲೇ ಉಪ್ಪು ಬಿದ್ದಿರುತ್ತದೆ. ಅದನ್ನೇ ಹಾಕಿದ್ದರೆ ಮೇಲಿನ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ, ರುಚಿ ನೋಡುತ್ತಲೇ ಸೇರಿಸಿ.