ನಾಲ್ಕುನೂರು ಫೋನುಗಳು, ಇಪ್ಪತ್ತು ಸಾವಿರ ರೂಪಾಯಿ

ಒಂದು ತಾಲ್ಲೂಕಿನ ಹಾಲಿನ ಡೈರಿಗಳಿಗಾಗಿ ಮೂವರು ಸೇರಿ ಒಂದು ಆ್ಯಪ್ ಮಾಡುತ್ತಿದ್ದಾರೆ ಅಂದುಕೊಳ್ಳಿ. ಹಾಲು ಹಾಕಿದವರು ಲೀಟರು, ಫ್ಯಾಟು, ಬಟವಾಡೆಯ ಮೊತ್ತ ಎಲ್ಲವನ್ನೂ ಅದರಲ್ಲಿ ನೋಡಬಹುದು. ಲೆಕ್ಕ ತಪ್ಪಿದ್ದರೆ ಚೀಟಿಯ ಫೋಟೊ ತೆಗೆದು ದೂರು ಕೊಡಬಹುದು. ಬಳಸುವವರು ನಾಲ್ಕುನೂರು ಜನ, ಎಲ್ಲರದೂ ಆಂಡ್ರಾಯ್ಡ್. ಪರೀಕ್ಷೆಯ ಫೋನು ಕೊಳ್ಳಲು ಕೈಯಲ್ಲಿರುವುದು ಇಪ್ಪತ್ತು ಸಾವಿರ ರೂಪಾಯಿ.

ಮಾಡೆಲುಗಳನ್ನು ಎಣಿಸುತ್ತ ಕೂತರೆ ಆ ಹಣ ಯಾವ ಮೂಲೆಗೂ ಸಾಲದು. ಎಣಿಸಬೇಕಾದದ್ದು ಆ್ಯಪಿನ ನಡವಳಿಕೆ ಎಲ್ಲೆಲ್ಲಿ ಬದಲಾಗುತ್ತದೆ ಎಂಬುದನ್ನು. ಅಂಥ ಜಾಗಗಳು ಅಷ್ಟೇನೂ ಇಲ್ಲ.

ಮೊದಲು ಪರದೆ. ಒಂದು ಫೋನಿನ ಅಗಲ 720 ಪಿಕ್ಸೆಲ್, ಇನ್ನೊಂದರದು 1080. ಎರಡೂ ಬೇರೆ ಬೇರೆ ಅನಿಸುತ್ತವೆ. ಆದರೆ ಆಂಡ್ರಾಯ್ಡಿನಲ್ಲಿ ಆ್ಯಪಿನ ಪುಟಗಳನ್ನು ಜೋಡಿಸುವುದು ಪಿಕ್ಸೆಲಿನ ಲೆಕ್ಕದಲ್ಲಲ್ಲ. ಪಿಕ್ಸೆಲನ್ನು 160ರಿಂದ ಗುಣಿಸಿ, ಪರದೆಯ ಸಾಂದ್ರತೆಯಿಂದ ಭಾಗಿಸಿದರೆ ಬರುವ ಡಿಪಿ ಎಂಬ ಅಳತೆಯಲ್ಲಿ. ಮೊದಲನೆಯ ಫೋನಿನ ಸಾಂದ್ರತೆ 320, ಎರಡನೆಯದರದು 480 ಆಗಿದ್ದರೆ ಎರಡರ ಅಗಲವೂ 360 ಡಿಪಿಯೇ. ಹೀಗೆ ಲೆಕ್ಕ ಹಾಕಿದರೆ ಸಾಮಾನ್ಯ ಫೋನುಗಳೆಲ್ಲ ಎರಡು ಮೂರು ಅಗಲಗಳ ಆಸುಪಾಸಿಗೆ ಬಂದು ಸೇರುತ್ತವೆ. ಇವನ್ನು ನೋಡಲು ಹೊಸ ಫೋನು ಬೇಡ. ಇರುವ ಫೋನಿನ ಡೆವಲಪರ್ ಆಯ್ಕೆಗಳಲ್ಲಿ Smallest width ಎಂಬುದಿದೆ. ಈಗಿರುವ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅಲ್ಲಿ 320 ಅಂತ ಕೊಟ್ಟರೆ ಅದೇ ಫೋನು ಸಣ್ಣ ಫೋನಿನಂತೆ ಆಡುತ್ತದೆ.

ಈ 320ನ್ನು ಬಿಡಬಾರದು. ಕಣ್ಣು ಮಂಜಾದ ಹಿರಿಯರು ಸೆಟ್ಟಿಂಗ್ಸಿಗೆ ಹೋಗಿ ಎಲ್ಲವನ್ನೂ ದೊಡ್ಡದು ಮಾಡಿಸಿಕೊಂಡಿರುತ್ತಾರೆ. ಆಗ ದೊಡ್ಡ ಪರದೆಯ ಫೋನೂ ಆ್ಯಪಿನ ಪಾಲಿಗೆ ಸಣ್ಣದೇ. ಅದರ ಜೊತೆಗೆ ಅಕ್ಷರದ ಗಾತ್ರವನ್ನೂ ಹಿಗ್ಗಿಸಿ ನೋಡಿ. ಬಟನ್ನಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಿಗಿ ಮಾಡಿದ್ದರೆ ಕನ್ನಡದ ಒತ್ತಕ್ಷರದ ಕೆಳಭಾಗ ಅಲ್ಲಿ ಕತ್ತರಿಸಿಹೋಗುತ್ತದೆ. ‘ಮೊತ್ತ’ ಹೋಗಿ ‘ಮೊತ’ ಆಗುತ್ತದೆ.

ಇನ್ನು ಆವೃತ್ತಿಗಳು. ಎಲ್ಲ ಆವೃತ್ತಿಗಳಲ್ಲೂ ಎಲ್ಲವನ್ನೂ ನೋಡುವುದು ವ್ಯರ್ಥ; ನಮ್ಮ ಆ್ಯಪಿಗೆ ತಗಲುವ ನಿಯಮ ಎಲ್ಲಿ ಬದಲಾಯಿತೋ ಅದರ ಆಚೆಗೊಂದು ಈಚೆಗೊಂದು ಸಾಕು. 2022ರಲ್ಲಿ ಬಂದ ಆಂಡ್ರಾಯ್ಡ್ 13ರಲ್ಲಿ ನೋಟಿಫಿಕೇಷನ್ ಕಳಿಸಲು ಬಳಸುವವರ ಅನುಮತಿ ಕಡ್ಡಾಯವಾಯಿತು. 12ರವರೆಗೆ ‘ಹಣ ಜಮಾ ಆಗಿದೆ’ ಎಂಬ ಸಂದೇಶ ತಾನಾಗಿಯೇ ಬರುತ್ತಿತ್ತು. 13ರಲ್ಲಿ ಹೊಸದಾಗಿ ಆ್ಯಪ್ ಹಾಕಿಕೊಂಡವರು ಅನುಮತಿ ಕೊಡದಿದ್ದರೆ ಅದು ಬರುವುದೇ ಇಲ್ಲ. ತಪ್ಪಿನ ಸೂಚನೆ ಎಲ್ಲೂ ಕಾಣುವುದಿಲ್ಲ, ಆ್ಯಪ್ ನಿಲ್ಲುವುದೂ ಇಲ್ಲ, ಆದ್ದರಿಂದ ಇದು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯಬಹುದು. ಆಂಡ್ರಾಯ್ಡ್ 15ಕ್ಕೆಂದು ಆ್ಯಪನ್ನು ಸಿದ್ಧಪಡಿಸಿದಾಗ ಇನ್ನೊಂದು ತೊಡಕು: ಆ ಆವೃತ್ತಿಯ ಫೋನುಗಳಲ್ಲಿ ಆ್ಯಪ್ ಪರದೆಯ ಅಂಚಿನವರೆಗೂ ಹರಡಿಕೊಂಡು, ಕೆಳಗಿನ ‘ಕಳುಹಿಸಿ’ ಬಟನ್ ಫೋನಿನದೇ ಬಟನ್ನುಗಳ ಅಡಿಗೆ ಸೇರಿಬಿಡಬಹುದು. 12 ಮತ್ತು 13, 14 ಮತ್ತು 15, ಜೊತೆಗೆ ಆ್ಯಪ್ ಒಪ್ಪುವ ಅತಿ ಹಳೆಯ ಆವೃತ್ತಿ. ಐದಕ್ಕೂ ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್ ಸಾಕು, ಅದು ಉಚಿತ.

ಹಾಗಾದರೆ ದುಡ್ಡು ಯಾತಕ್ಕೆ? ಎಮ್ಯುಲೇಟರ್ ಸುಳ್ಳು ಹೇಳುವ ಜಾಗಕ್ಕೆ. ರೈತರೊಬ್ಬರು ದೂರಿನ ವಿವರವನ್ನೆಲ್ಲ ತುಂಬಿ, ಚೀಟಿಯ ಫೋಟೊಗೆಂದು ಕ್ಯಾಮೆರಾ ಒತ್ತುತ್ತಾರೆ. ಅವರದು ಎರಡು ಜಿಬಿ ಮೆಮೊರಿಯ ಹಳೆಯ ಫೋನು. ಕ್ಯಾಮೆರಾಕ್ಕೆ ಜಾಗ ಮಾಡಿಕೊಡಲು ಆಂಡ್ರಾಯ್ಡ್ ಹಿಂದಿರುವ ನಮ್ಮ ಆ್ಯಪನ್ನು ಮುಚ್ಚಿಬಿಡುತ್ತದೆ. ಫೋಟೊ ತೆಗೆದು ಬಂದರೆ ತುಂಬಿದ್ದೆಲ್ಲ ಖಾಲಿ. ಮೆಮೊರಿ ಧಾರಾಳವಾಗಿರುವ ಮೂವರ ಫೋನಿನಲ್ಲಿ ಇದು ಒಮ್ಮೆಯೂ ಆಗುವುದಿಲ್ಲ. ಡೆವಲಪರ್ ಆಯ್ಕೆಗಳ Don't keep activities ಹಾಕಿದರೆ ಅರ್ಧ ಗೊತ್ತಾಗುತ್ತದೆ, ಪೂರ್ತಿ ಅಲ್ಲ. ಅದು ಅಳಿಸುವುದು ಬಿಟ್ಟುಬಂದ ಪುಟವನ್ನು ಮಾತ್ರ. ಆ್ಯಪ್ ಒಳಗೊಳಗೇ ನಡೆಯುತ್ತಿರುವುದರಿಂದ ಮೆಮೊರಿಯಲ್ಲಿಟ್ಟ ಕೆಲವು ಮಾಹಿತಿ ಉಳಿದುಕೊಂಡು, ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ಆದ್ದರಿಂದ ನಾನಾದರೆ ಮೊದಲ ಖರ್ಚನ್ನು ಕಡಿಮೆ ಮೆಮೊರಿಯ, ಬ್ಯಾಟರಿ ಸೊರಗಿದ ಒಂದು ಸೆಕೆಂಡ್ ಹ್ಯಾಂಡ್ ಫೋನಿಗೆ ಮಾಡುತ್ತೇನೆ. ಉಳಿದ ಹಣದಲ್ಲಿ ಆ ಊರುಗಳಲ್ಲಿ ಹೆಚ್ಚಾಗಿ ಓಡುವ ಕಂಪನಿಯದೊಂದು. ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಕೆಲಸವನ್ನು ನಿಲ್ಲಿಸುವ ವಿಷಯದಲ್ಲಿ ಒಂದೊಂದು ಕಂಪನಿಯದೂ ಒಂದೊಂದು ರೀತಿ. ಅದನ್ನು ಎಮ್ಯುಲೇಟರ್ ತೋರಿಸುವುದಿಲ್ಲ. ರಾತ್ರಿಯಿಡೀ ಫೋನನ್ನು ಮುಟ್ಟದೆ ಬಿಟ್ಟು, ಬೆಳಗ್ಗೆ ಸಂದೇಶ ಬಂದಿದೆಯೇ ನೋಡಬೇಕು.

ಬಿಡುಗಡೆಯನ್ನು ಹಂತಹಂತವಾಗಿ ಮಾಡಲು ಪ್ಲೇ ಸ್ಟೋರಿನಲ್ಲಿ ಅವಕಾಶವಿದೆ. ದೊಡ್ಡ ಆ್ಯಪಿಗೆ ಅದು ವರವೇ, ಆದರೆ ನಾಲ್ಕುನೂರರಲ್ಲಿ ನೂರಕ್ಕೆ ಐದು ಅಂದರೆ ಇಪ್ಪತ್ತೇ ಜನ. ಅವರಲ್ಲಿ ಹಳೆಯ ಫೋನಿನವರು ಒಬ್ಬರೂ ಇಲ್ಲದಿರಬಹುದು. ಅದಕ್ಕಿಂತ ಡೈರಿ ಕಾರ್ಯದರ್ಶಿಯನ್ನು ಕೇಳಿ, ಹಳೆಯ ಫೋನಿರುವ ಹತ್ತು ಜನರನ್ನು ಆರಿಸಿ, ಅವರಿಗೆ ಮೊದಲು ಕೊಡುವುದು ವಾಸಿ. ಒಂದು ಮಾತು ನೆನಪಿರಲಿ: ಹಂತದ ಬಿಡುಗಡೆಯನ್ನು ನಡುವೆ ನಿಲ್ಲಿಸಬಹುದು, ಆದರೆ ಆಗಲೇ ತಲುಪಿದವರ ಫೋನಿನಿಂದ ಅದನ್ನು ಹಿಂದಕ್ಕೆ ಪಡೆಯಲಾಗದು. ತಿದ್ದಿದ ಪ್ರತಿಯನ್ನು ಇನ್ನೂ ಮೇಲಿನ ಆವೃತ್ತಿ ಸಂಖ್ಯೆ ಕೊಟ್ಟೇ ಕಳಿಸಬೇಕು.