ಬಿಲ್ ತಡೆದದ್ದು ರಿಪೋರ್ಟು, ತಪ್ಪು ಮಾತ್ರ ನಮ್ಮದೇ

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಪ್ಲೈಯರ್‌ಗಳ ಬಿಲ್ ಪಾಸ್ ಮಾಡೋದು ನನ್ನ ಕೆಲಸ. ಇವತ್ತು ಹೇಳೋದು ಒಂದೇ ಒಂದು ಬಿಲ್‌ನ ಕಥೆ.

ಒಂದು ಬಿಲ್‌ಗೆ ದುಡ್ಡು ಕೊಡೋ ಮುಂಚೆ ನಾವು ಮೂರು ಕಾಗದ ಪಕ್ಕಪಕ್ಕ ಇಟ್ಟು ನೋಡ್ತೀವಿ. ಮೊದಲನೆಯದು ಪಿಒ, ಅಂದರೆ ನಾವು ಏನು ಆರ್ಡರ್ ಮಾಡಿದ್ವಿ, ಯಾವ ರೇಟಿಗೆ ಅಂತ. ಎರಡನೆಯದು ಜಿಆರ್‌ಎನ್, ಅಂದರೆ ಸರಕು ಬಂದಾಗ ಸ್ಟೋರ್‌ನವರು ಎಣಿಸಿ ಬರೆದ ರಸೀದಿ. ಮೂರನೆಯದು ಸಪ್ಲೈಯರ್ ಕಳಿಸಿದ ಇನ್‌ವಾಯ್ಸ್. ಮೂರೂ ಹೊಂದಿದರೆ ಬಿಲ್ ತಾನಾಗೇ ಪಾಸ್. ಹೊಂದದೇ ಇದ್ದವೆಲ್ಲ ಬೆಳಗ್ಗೆ ಒಂದು ಪಟ್ಟಿಯಾಗಿ ನನ್ನ ಸ್ಕ್ರೀನಿಗೆ ಬರ್ತವೆ. ಅದೇ ಎಕ್ಸೆಪ್ಶನ್ ರಿಪೋರ್ಟ್.

ಆ ದಿನ ಪಟ್ಟಿಯಲ್ಲಿ ರಟ್ಟಿನ ಡಬ್ಬ ಮಾಡೋ ಒಬ್ಬ ಸಣ್ಣ ಸಪ್ಲೈಯರ್ ಹೆಸರಿತ್ತು. ಪಿಒ 2,000 ಡಬ್ಬ, ಒಂದಕ್ಕೆ 42 ರೂಪಾಯಿ. ಇನ್‌ವಾಯ್ಸ್ ಕೂಡ 2,000. ಜಿಆರ್‌ಎನ್ ಮಾತ್ರ 1,900. ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿದರೆ ವ್ಯತ್ಯಾಸ 4,200 ರೂಪಾಯಿ. ಆದರೆ ಅದಕ್ಕೋಸ್ಕರ ಸಿಸ್ಟಮ್ ಪೂರ್ತಿ 84,000 ರೂಪಾಯಿ ತಡೆದಿತ್ತು. ಸರಕು ಬಂದು ಆಗಲೇ 38 ದಿನ.

ಅವರಿಗೆ ಫೋನ್ ಮಾಡಿದೆ. "ಮೇಡಂ, ನಾನು 80 ಬಂಡಲ್ ಕಳಿಸಿದ್ದೀನಿ, ಬಂಡಲ್‌ಗೆ 25. ಹುಡುಗರಿಗೆ ಸಂಬಳ ಕೊಡಬೇಕು, ನೋಡಿ ಸ್ವಲ್ಪ" ಅಂದರು.

ಇಲ್ಲಿ ಎರಡು ಸುಲಭದ ದಾರಿ ಇದ್ದವು. ಒಂದು, 100 ಡಬ್ಬ ಕಮ್ಮಿ ಅಂತ 4,200 ಕಡಿದು ಉಳಿದದ್ದು ಕೊಡೋದು. ಇನ್ನೊಂದು, ಸ್ಟೋರ್‌ಗೆ ಹೇಳಿ ಜಿಆರ್‌ಎನ್‌ನಲ್ಲಿ 2,000 ಅಂತ ತಿದ್ದಿಸೋದು. ಎರಡರಲ್ಲಿ ಯಾವುದು ಮಾಡಿದ್ರೂ ಪಟ್ಟಿಯಿಂದ ಆ ಸಾಲು ಹೋಗ್ತಿತ್ತು. ಆದರೆ ಡಬ್ಬ ಎಲ್ಲಿ ಹೋದವು ಅಂತ ಗೊತ್ತಾಗ್ತಿರಲಿಲ್ಲ. ಮೂರು ಕಾಗದ ಹೊಂದಿಲ್ಲ ಅಂತ ಮಾತ್ರ ರಿಪೋರ್ಟ್ ಹೇಳುತ್ತೆ. ಯಾವ ಕಾಗದ ತಪ್ಪು ಅಂತ ಅದಕ್ಕೆ ಗೊತ್ತಿಲ್ಲ.

ಅದಕ್ಕೆ ನಾಲ್ಕನೆಯ ಕಾಗದ ಹುಡುಕಿದೆ, ಸೆಕ್ಯುರಿಟಿಯವರ ಗೇಟ್ ರಿಜಿಸ್ಟರ್. ಅದರಲ್ಲಿ ಟೆಂಪೊ ಬೆಳಗ್ಗೆ 11 ಗಂಟೆಗೆ 80 ಬಂಡಲ್ ಜೊತೆ ಒಳಗೆ, 12 ಗಂಟೆಗೆ ಖಾಲಿಯಾಗಿ ಹೊರಗೆ. ಆದರೆ ಜಿಆರ್‌ಎನ್ ಹಾಕಿದ್ದು ಸಂಜೆ. ಸ್ಟೋರ್‌ಗೆ ಹೋಗಿ ಕೇಳಿದಾಗ ವಿಷಯ ಹೊರಬಂತು. ಒಳಗೆ ಜಾಗ ಇಲ್ಲ ಅಂತ ಬಂಡಲ್‌ಗಳನ್ನ ಅಂಗಳದಲ್ಲೇ ಇಳಿಸಿದ್ದರು. ಮಧ್ಯಾಹ್ನ ಮಳೆ ಬಂತು. ನಾಲ್ಕು ಬಂಡಲ್ ನೆನೆದು ಹಾಳಾದವು. ಸ್ಟೋರ್‌ನವರು ಚೆನ್ನಾಗಿದ್ದ 76 ಬಂಡಲ್ ಮಾತ್ರ ಎಣಿಸಿ 1,900 ಅಂತ ಬರೆದುಬಿಟ್ಟಿದ್ದರು.

ಅಂದರೆ ಸಪ್ಲೈಯರ್ ಲೆಕ್ಕ ಸರಿ ಇತ್ತು. ನಷ್ಟ ಆಗಿದ್ದು ನಮ್ಮ ಅಂಗಳದಲ್ಲಿ. ಕೊನೆಗೆ ಜಿಆರ್‌ಎನ್ ತಿದ್ದಿದ್ವಿ ನಿಜ, ಆದರೆ ಗೇಟ್ ರಿಜಿಸ್ಟರ್ ಪ್ರತಿ ಲಗತ್ತಿಸಿ, ಮ್ಯಾನೇಜರ್ ಸಹಿ ಹಾಕಿಸಿ. ಬಂದದ್ದು 2,000, ಅದರಲ್ಲಿ 100 ನಮ್ಮ ಸ್ಟಾಕ್ ನಷ್ಟ ಅಂತ ಬೇರೆ ನಮೂದು. ಅವರಿಗೆ ಪೂರ್ತಿ ಹಣ ಹೋಯ್ತು.

ದಿನದ ಲೆಕ್ಕ ಯಾಕೆ ಮುಖ್ಯ ಗೊತ್ತಾ? ಅವರಂಥ ಸಣ್ಣ ತಯಾರಕರಿಗೆ 2006ರ ಎಂಎಸ್‌ಎಂಇಡಿ ಕಾಯ್ದೆಯ ರಕ್ಷಣೆ ಇದೆ. ಲಿಖಿತ ಒಪ್ಪಂದ ಇದ್ದರೂ 45 ದಿನ ದಾಟೋ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಸರಕಿನ ಬಗ್ಗೆ ತಕರಾರಿದ್ದರೆ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸಬೇಕು. ಇಲ್ಲದಿದ್ದರೆ ತಲುಪಿದ ದಿನವೇ ಒಪ್ಪಿಕೊಂಡ ಹಾಗೆ. ನಮ್ಮ ಕಂಪ್ಯೂಟರ್‌ನೊಳಗೆ ಕೂತಿರೋ ಎಕ್ಸೆಪ್ಶನ್, ಸಪ್ಲೈಯರ್‌ಗೆ ಕಳಿಸಿದ ತಕರಾರು ಆಗಲ್ಲ. ನಾವು ಅವರಿಗೆ ಒಂದು ಸಾಲೂ ಬರೆದಿರಲಿಲ್ಲ. ಉಳಿದಿದ್ದು ಏಳೇ ದಿನ.

ಕೊನೆಯದಾಗಿ ಇನ್ನೊಂದು. ಪಟ್ಟಿ ಉದ್ದ ಇದ್ದರೆ ಎಲ್ಲರೂ ಬೈತಾರೆ. ನನಗೆ ಭಯ ಆಗೋದು ತಿಂಗಳುಗಟ್ಟಲೆ ಒಂದು ಸಪ್ಲೈಯರ್ ಹೆಸರೇ ಪಟ್ಟಿಯಲ್ಲಿ ಬರದೇ ಇದ್ದಾಗ. ಆಗ ಸ್ಟೋರ್‌ಗೆ ಹೋಗಿ ನೋಡ್ತೀನಿ, ನಿಜವಾಗಲೂ ಎಣಿಸ್ತಿದ್ದಾರಾ, ಇಲ್ಲ ಇನ್‌ವಾಯ್ಸ್ ನೋಡಿಕೊಂಡು ಅದೇ ಸಂಖ್ಯೆ ಬರೀತಿದ್ದಾರಾ ಅಂತ. ನೋಡಿ ಬರೆದರೆ ಮೂರು ಕಾಗದ ಯಾವಾಗಲೂ ಹೊಂದುತ್ತೆ, ಸರಕು ಅರ್ಧ ಬಂದಿದ್ದರೂ. ಅದಕ್ಕೇ ಈಗ ನಮ್ಮ ಸ್ಟೋರ್‌ನವರ ಸ್ಕ್ರೀನಲ್ಲಿ ಆರ್ಡರ್‌ನ ಸಂಖ್ಯೆ ಕಾಣಲ್ಲ, ಎಣಿಸಿ ಹಾಕೋವರೆಗೂ ಇನ್‌ವಾಯ್ಸ್ ಅವರ ಕೈಗೆ ಹೋಗಲ್ಲ. ಮೊದಲ ವಾರ ಪಟ್ಟಿ ಉದ್ದ ಆಯ್ತು. ಇರಲಿ, ಈಗ ಅದನ್ನ ನಂಬಬಹುದು.