ನಡುಗುವ ನೆಲ, ಅಳೆಯುವ ಅಂಕಿ: ಕಿಲ್ಲಾರಿಯನ್ನು ಮುಂದಿಟ್ಟುಕೊಂಡು ಕೆಲವು ಮಾತುಗಳು
(ಶಾಲೆಯ ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಲಿಖಿತರೂಪ)



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿಯೇ ಹೇಳಬೇಕೆಂದು ಶಾಲೆಯ ಅಧ್ಯಾಪಕರು ಅಪ್ಪಣೆ ಮಾಡಿದಾಗ ನಾವು ವಿಷಯಕ್ಕಾಗಿ ದೂರ ಹುಡುಕಬೇಕಾಗಲಿಲ್ಲ. ಇಲ್ಲಿ ಕುಳಿತಿರುವ ನಡುವಯಸ್ಸಿನವರೆಲ್ಲರೂ ಒಂದು ನಸುಕನ್ನು ಮರೆತಿರಲಾರರು. 1993ರ ಸೆಪ್ಟೆಂಬರ್ 30. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ದಣಿದು ಮಲಗಿದ್ದರು. ನಸುಕಿನ ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷವಿರುವಾಗ ಲಾತೂರು ಜಿಲ್ಲೆಯ ಕಿಲ್ಲಾರಿಯ ಕೆಳಗೆ ನೆಲ ಸೀಳಿತು. ಅಕ್ಕಲಕೋಟೆಯಿಂದ ಕಿಲ್ಲಾರಿಗೆ ನೇರ ಗೆರೆ ಎಳೆದರೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಸೊಲ್ಲಾಪುರದಲ್ಲಿಯೂ ಕಲಬುರಗಿಯಲ್ಲಿಯೂ ಜನ ಎದ್ದು ಬೀದಿಗೆ ಬಂದರು. ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಸುಮಾರು ಹತ್ತು ಸಾವಿರ ಜನ ಬೆಳಗಾಗುವುದರೊಳಗೆ ಇಲ್ಲವಾಗಿದ್ದರು.

ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಎರಡು ಪ್ರಶ್ನೆಗಳಿದ್ದವು. ಭೂಕಂಪವೆಂದರೆ ಹಿಮಾಲಯದಲ್ಲಿ, ಜಪಾನಿನಲ್ಲಿ ಆಗುವಂಥದ್ದು ಎಂದು ನಾವು ಓದಿದ್ದೆವು. ನಮ್ಮ ದಖ್ಖನಿನ ಗಟ್ಟಿ ಕರಿಕಲ್ಲಿನ ಮೇಲೆ ಅದು ಹೇಗೆ ಬಂತು? ಎರಡನೆಯದು, ಒಂದು ಪತ್ರಿಕೆ 6.2 ಎಂದರೆ ಇನ್ನೊಂದು 6.3, ಮತ್ತೊಂದು 6.4 ಎಂದು ಬರೆಯಿತು. ಒಂದೇ ಭೂಕಂಪಕ್ಕೆ ಮೂರು ಅಂಕಿಗಳು ಏಕೆ? ಈ ಎರಡು ಪ್ರಶ್ನೆಗಳೇ ನಮ್ಮ ಇಂದಿನ ಮಾತು.

ಮೊದಲನೆಯದನ್ನು ತಿಳಿಯಬೇಕಾದರೆ ಭೂಕಂಪಗಳು ಸಾಮಾನ್ಯವಾಗಿ ಎಲ್ಲಿ ಆಗುತ್ತವೆ ಎಂಬುದನ್ನು ನೋಡಬೇಕು. ಲೋಕದ ನಕ್ಷೆಯ ಮೇಲೆ ಭೂಕಂಪಗಳನ್ನೆಲ್ಲ ಚುಕ್ಕೆಗಳಾಗಿ ಗುರುತಿಸಿದರೆ ಅವು ಎರಚಿದ ಕಾಳಿನಂತೆ ಚದರಿ ಬೀಳುವುದಿಲ್ಲ. ಕಿರಿದಾದ ಪಟ್ಟಿಗಳಾಗಿ ಸಾಲುಗಟ್ಟುತ್ತವೆ. ಶಾಂತಸಾಗರದ ಅಂಚಿನುದ್ದಕ್ಕೂ ಒಂದು ಸಾಲು, ಸುಮಾತ್ರಾದಿಂದ ಅಂಡಮಾನ್, ಬರ್ಮಾ, ಹಿಮಾಲಯಗಳನ್ನು ಹಾದು ಇರಾನ್, ತುರ್ಕಿಗಳವರೆಗೆ ಇನ್ನೊಂದು ಸಾಲು, ಮಹಾಸಾಗರಗಳ ನಡುವಿನ ಏರುಗಳ ಮೇಲೆ ಮತ್ತೊಂದು. ಭೂಮಿಯ ಹೊರಚಿಪ್ಪು ಒಡೆದ ಹಂಚಿನಂತೆ ಹಲವು ದೊಡ್ಡ ತುಂಡುಗಳಾಗಿದೆ. ಇವನ್ನೇ ಭೂಫಲಕಗಳು ಎನ್ನುತ್ತೇವೆ. ಮೇಲಿನ ಸಾಲುಗಳು ಈ ಫಲಕಗಳ ಗಡಿಗಳು.

ಗಡಿಯಲ್ಲಿಯೇ ಏಕೆ? ಇಕ್ಕಟ್ಟಾದ ಬಂಡಿದಾರಿಯಲ್ಲಿ ಎರಡು ಚಕ್ಕಡಿಗಳು ಒಂದನ್ನೊಂದು ದಾಟುತ್ತಿವೆ ಎಂದುಕೊಳ್ಳೋಣ. ಒಂದು ಚಕ್ಕಡಿಯೊಳಗೆ ಕುಳಿತವರು, ಅವರ ಬುತ್ತಿ, ಜೋಳದ ಚೀಲ ಎಲ್ಲವೂ ಒಟ್ಟಾಗಿಯೇ ಸಾಗುತ್ತವೆ. ಅವುಗಳ ನಡುವೆ ತಿಕ್ಕಾಟವಿಲ್ಲ. ತಿಕ್ಕಾಟವೆಲ್ಲ ಒಂದರ ಗಾಲಿಯ ಗುಂಬ ಇನ್ನೊಂದರ ಗುಂಬಕ್ಕೆ ತಾಗುವ ಕಡೆ. ಫಲಕದ ಸಂಗತಿಯೂ ಅಷ್ಟೇ. ಭಾರತದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ವೇಗದಲ್ಲಿ ಈಶಾನ್ಯಕ್ಕೆ ಸರಿಯುತ್ತಿದೆ. ಸೊಲ್ಲಾಪುರವೂ ಹೈದರಾಬಾದೂ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಸರಿಯುವುದರಿಂದ ಅವೆರಡರ ನಡುವಿನ ದೂರ ಬದಲಾಗುವುದಿಲ್ಲ. ಚಲನೆಯಲ್ಲಿ ವ್ಯತ್ಯಾಸ ಇರುವುದು ಈ ಫಲಕ ಏಷ್ಯದ ಫಲಕವನ್ನು ಒತ್ತುವ ಹಿಮಾಲಯದಲ್ಲಿ.

ಹಾಗೆಂದು ಗಡಿಯಲ್ಲಿ ಬಂಡೆಗಳು ದಿನವೂ ನುಣ್ಣಗೆ ಜಾರುವುದಿಲ್ಲ. ಜಾರಿದ್ದರೆ ಭೂಕಂಪವೇ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಉಬ್ಬಿಕೊಂಡ ಬಾಗಿಲನ್ನು ನೀವೆಲ್ಲರೂ ತಳ್ಳಿದ್ದೀರಿ. ಮೊದಲು ಅದು ಅಲುಗುವುದಿಲ್ಲ, ಹಲಗೆ ಮಾತ್ರ ಒಂದಿಷ್ಟು ಬಾಗುತ್ತದೆ. ಆಮೇಲೆ ಒಮ್ಮೆಲೆ ಧಡಕ್ಕನೆ ತೆರೆದು ಮನೆಯೆಲ್ಲ ಅದುರುತ್ತದೆ. ಬಂಡೆಯೂ ಹೀಗೆಯೇ ಬಾಗಿ ಬಲವನ್ನು ಕೂಡಿಟ್ಟುಕೊಳ್ಳುತ್ತದೆ. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ನಂತರ ಹೊಲದ ಬೇಲಿಗಳು ತುಂಡಾಗಿ ಪಕ್ಕಕ್ಕೆ ಸರಿದಿದ್ದುದನ್ನು ಅಳೆದು ಹ್ಯಾರಿ ರೀಡ್ ಎಂಬ ವಿಜ್ಞಾನಿ ಈ ವಿವರಣೆಯನ್ನು ಮೊದಲು ಸ್ಪಷ್ಟವಾಗಿ ಮುಂದಿಟ್ಟರು. ಹಿಮಾಲಯದಲ್ಲಿ ಹೀಗೆ ಕೂಡಿಬೀಳುವ ಪಾಲು ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್. ನಮ್ಮ ಶಾಲೆಯ ಈ ನೂರು ವರ್ಷಗಳ ಲೆಕ್ಕ ಹಿಡಿದರೆ ಎರಡು ಮೀಟರ್, ಎಂದರೆ ಆಳೆತ್ತರಕ್ಕೂ ಮೇಲೆ. ಅಷ್ಟು ಉದ್ದದ ಸರಿತ ಬಂಡೆಯೊಳಗೆ ಸಾಲವಾಗಿ ನಿಂತು ಒಂದು ದಿನ ಕೆಲವೇ ನಿಮಿಷಗಳಲ್ಲಿ ತೀರುತ್ತದೆ. 1934ರಲ್ಲಿ ಬಿಹಾರ-ನೇಪಾಳದಲ್ಲಿಯೂ 2015ರಲ್ಲಿ ನೇಪಾಳದಲ್ಲಿಯೂ ತೀರಿದ್ದು ಆ ಸಾಲದ ಕಂತುಗಳೇ.

ಹಾಗಾದರೆ ಕಿಲ್ಲಾರಿ? ಹಿಮಾಲಯದ ಒತ್ತಡ ಹಿಮಾಲಯದಲ್ಲಿಯೇ ನಿಲ್ಲುವುದಿಲ್ಲ. ಮುಂದಿನಿಂದ ತಡೆದ ಹಲಗೆಯನ್ನು ಹಿಂದಿನಿಂದ ನೂಕಿದರೆ ಒತ್ತು ಇಡೀ ಹಲಗೆಯ ಮೈಗೆ ಹರಡುತ್ತದೆ. ಹಲಗೆಯಲ್ಲಿ ಹಳೆಯ ಸೀಳು ಇದ್ದರೆ ಅದು ಅಲ್ಲಿಯೂ ಬಾಯಿ ಬಿಡಬಹುದು. ನಮ್ಮ ಎರೆಹೊಲಗಳ ಕೆಳಗಿರುವ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಅದು ತನ್ನ ಕೆಳಗಿನ ಬಹು ಪುರಾತನ ಶಿಲೆಯನ್ನೂ ಆ ಶಿಲೆಯ ಹಳೆಯ ಬಿರುಕುಗಳನ್ನೂ ಕಂಬಳಿ ಹೊದಿಸಿದಂತೆ ಮುಚ್ಚಿಬಿಟ್ಟಿದೆ. ಇಂಥ ಬಿರುಕಿನಲ್ಲಿ ಒತ್ತಡ ಕೂಡುವುದು ಅತಿ ನಿಧಾನ. ಒಮ್ಮೆ ಜಾರಿದರೆ ಮತ್ತೆ ಜಾರುವುದಕ್ಕೆ ಸಾವಿರಾರು ವರ್ಷ ಹಿಡಿಯಬಹುದು. ಆದ್ದರಿಂದ ಜನರ ನೆನಪಿನಲ್ಲಾಗಲಿ ದಾಖಲೆಗಳಲ್ಲಾಗಲಿ ಅದರ ಸುಳಿವು ಉಳಿದಿರುವುದಿಲ್ಲ. ಅಂದಿನ ಸರಕಾರಿ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. 1992ರಲ್ಲಿ ಅಲ್ಲಿ ಸಣ್ಣ ಕಂಪನಗಳು ಮೇಲಿಂದ ಮೇಲೆ ಆಗಿದ್ದವು ಎಂಬುದು ನಿಜ. ಆದರೆ ಅಂಥ ಸಣ್ಣ ಕಂಪನಗಳು ಎಷ್ಟೋ ಕಡೆ ಆಗಿ ಸುಮ್ಮನೆ ಅಡಗಿಹೋಗುತ್ತವೆ. ಯಾವುದು ಮುನ್ಸೂಚನೆ, ಯಾವುದು ಅಲ್ಲ ಎಂದು ಮುಂಚಿತವಾಗಿ ಬೇರ್ಪಡಿಸುವ ಉಪಾಯ ಇಂದಿಗೂ ಯಾರ ಕೈಯಲ್ಲಿಯೂ ಇಲ್ಲ.

ಈಗ ಎರಡನೆಯ ಪ್ರಶ್ನೆ. ಅಂದು ಎಚ್ಚರವಿದ್ದವರು ಮೊದಲು ಒಂದು ಸಣ್ಣ ಅದುರು, ಸ್ವಲ್ಪ ಹೊತ್ತಿನ ಮೇಲೆ ದೊಡ್ಡ ತೂಗಾಟ ಬಂತೆಂದು ಹೇಳಿದರೆ ಅದು ಭ್ರಮೆಯಲ್ಲ. ಭೂಕಂಪದಿಂದ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ನೆಲವನ್ನು ಹಿಂದುಮುಂದಾಗಿ ತಳ್ಳುವ ಪ್ರಾಥಮಿಕ ಅಲೆ ಸೆಕೆಂಡಿಗೆ ಸುಮಾರು ಆರು ಕಿಲೋಮೀಟರ್ ಓಡಿದರೆ, ಅಡ್ಡಡ್ಡ ತೂಗುವ ದ್ವಿತೀಯಕ ಅಲೆ ಮೂರೂವರೆಯಷ್ಟು ಓಡುತ್ತದೆ. ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ದೂರ ಸ್ಥೂಲವಾಗಿ ಕಿಲೋಮೀಟರುಗಳಲ್ಲಿ ಸಿಗುತ್ತದೆ. ಎಪ್ಪತ್ತು ಕಿಲೋಮೀಟರ್ ದೂರಕ್ಕೆ ಎಂಟೊಂಬತ್ತು ಸೆಕೆಂಡಿನ ಅಂತರ. ಮೂರು ಊರುಗಳ ಯಂತ್ರಗಳಿಂದ ಹೀಗೆ ಮೂರು ದೂರಗಳನ್ನು ತೆಗೆದು ನಕ್ಷೆಯ ಮೇಲೆ ಮೂರು ವೃತ್ತ ಎಳೆದರೆ ಅವು ಕೂಡುವ ಜಾಗವೇ ಭೂಕಂಪದ ಕೇಂದ್ರ.

ದೂರ ತಿಳಿದ ಮೇಲೆ ಗಾತ್ರ. 1935ರಲ್ಲಿ ಕ್ಯಾಲಿಫೋರ್ನಿಯದ ಚಾರ್ಲ್ಸ್ ರಿಕ್ಟರ್ ಒಂದು ಸರಳ ಕಟ್ಟಳೆ ಮಾಡಿದರು. ಕೇಂದ್ರದಿಂದ ನೂರು ಕಿಲೋಮೀಟರ್ ದೂರದಲ್ಲಿ ಒಂದು ನಿಶ್ಚಿತ ಬಗೆಯ ಯಂತ್ರದ ಗೆರೆ ಒಂದು ಮಿಲಿಮೀಟರ್ ಓಲಾಡಿದರೆ ಅದು 3ರ ಭೂಕಂಪ, ಹತ್ತು ಮಿಲಿಮೀಟರ್ ಓಲಾಡಿದರೆ 4, ನೂರಾದರೆ 5. ಪ್ರತಿಯೊಂದು ಅಂಕಿಗೂ ಓಲಾಟ ಹತ್ತು ಪಟ್ಟು, ಹೊರಬೀಳುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು. ಈ ಲೆಕ್ಕದಂತೆ 6.2ರ ಭೂಕಂಪಕ್ಕೆ ಗೆರೆ ಒಂದೂವರೆ ಮೀಟರಿಗೂ ಹೆಚ್ಚು ಓಲಾಡಬೇಕು! ಆ ಯಂತ್ರ ನೆಲದ ಚಲನೆಯನ್ನು ಎರಡು ಸಾವಿರ ಪಟ್ಟಿಗೂ ಹೆಚ್ಚು ಹಿಗ್ಗಿಸಿ ತೋರಿಸುವುದರಿಂದ ನಿಜವಾಗಿ ನೆಲ ಚಲಿಸಿದ್ದು ಒಂದು ಮಿಲಿಮೀಟರಿನಷ್ಟೂ ಇರಲಾರದು. ಆದರೂ ಗೆರೆ ಕಾಗದದಾಚೆಗೆ ಹೋಗುತ್ತದೆ. ಆದ್ದರಿಂದ ದೊಡ್ಡ ಭೂಕಂಪಗಳನ್ನು ದೂರದ ಯಂತ್ರಗಳಿಂದ, ಬೇರೆ ಬೇರೆ ಅಲೆಗಳಿಂದ ಅಳೆಯುವ ಪದ್ಧತಿಗಳು ಬಂದವು. ಒಬ್ಬರು ಭೂಮಿಯೊಳಗೆ ಹಾಯ್ದ ಅಲೆಯನ್ನು ಅಳೆದರು, ಇನ್ನೊಬ್ಬರು ಮೇಲ್ಮೈಯ ಅಲೆಯನ್ನು. ಕಿಲ್ಲಾರಿಗೆ ಹಲವು ಅಂಕಿಗಳು ಬಂದದ್ದು ಹೀಗೆ. ಯಾರೂ ಸುಳ್ಳು ಹೇಳಿರಲಿಲ್ಲ.

ಓಲಾಟವನ್ನು ಅಳೆಯುವ ಈ ಪದ್ಧತಿಗೆ ದೊಡ್ಡದೊಂದು ಕೊರತೆ ಇದೆ. ಬಾಗಿಲಲ್ಲಿ ನಿಂತು ಮೆರವಣಿಗೆ ನೋಡುವವನಿಗೆ ಎದುರಿಗಿರುವ ಹಲಗೆಯ ಸದ್ದು ಮಾತ್ರ ಕೇಳುತ್ತದೆ. ಆ ಸದ್ದಿನ ಜೋರಿನಿಂದ ಮೆರವಣಿಗೆ ಎಷ್ಟು ಉದ್ದವಿದೆ ಎಂದು ಹೇಳಲಾಗದು. ಅದು ಪೂರ್ತಿ ಹಾದುಹೋಗುವವರೆಗೆ ಕಾಯಬೇಕು. 2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಗಡಿ ಸೀಳುತ್ತ ಹೋಗುವುದಕ್ಕೆ ಎಂಟು ನಿಮಿಷಕ್ಕೂ ಮೇಲೆ ಬೇಕಾಯಿತು. ಹವಾಯಿಯ ಸುನಾಮಿ ಕೇಂದ್ರ ಮೊದಲು ಕೊಟ್ಟ ಅಂಕಿ 8.0, ಸ್ವಲ್ಪ ಹೊತ್ತಿನ ಮೇಲೆ 8.5. ನಿಜವಾದ ಗಾತ್ರ 9ನ್ನು ದಾಟಿತ್ತೆಂದು ತಿಳಿದದ್ದು ಆಮೇಲೆ.

ಈ ಕೊರತೆಯನ್ನು ನೀಗಿಸಿದ್ದು 1970ರ ದಶಕದ ಕೊನೆಯಲ್ಲಿ ಹಿರೂ ಕನಾಮೋರಿ ಮತ್ತು ಥಾಮಸ್ ಹ್ಯಾಂಕ್ಸ್ ರೂಪಿಸಿದ ಮಾಪನ. ಅವರು ಕೇಳಿದ್ದು ಗೆರೆ ಎಷ್ಟು ಓಲಾಡಿತು ಎಂದಲ್ಲ. ಎಷ್ಟು ಅಗಲದ ಬಂಡೆ, ಎಷ್ಟು ದೂರ ಜಾರಿತು ಎಂದು. ಬಂಡೆಯ ಬಿಗಿತ, ಸೀಳಿದ ಕ್ಷೇತ್ರ, ಜಾರಿದ ದೂರ ಈ ಮೂರನ್ನು ಗುಣಿಸಿದರೆ ಬರುವುದು ಭೂಕಂಪದ ಮೊಮೆಂಟ್. ಕಿಲ್ಲಾರಿಯಂಥ ಭೂಕಂಪಕ್ಕೆ ದುಂಡು ಅಂಕಿಗಳಲ್ಲಿ ಲೆಕ್ಕ ಹಾಕೋಣ. ಸೀಳು ಹತ್ತು ಕಿಲೋಮೀಟರ್ ಉದ್ದ, ಆರು ಕಿಲೋಮೀಟರ್ ಆಳ. ಸರಾಸರಿ ಜಾರಿದ್ದು ಒಂದು ಮೀಟರ್. ಬಂಡೆಯ ಬಿಗಿತ ಪ್ರತಿ ಚದರ ಮೀಟರಿಗೆ ಮೂರು ಸಾವಿರ ಕೋಟಿ ನ್ಯೂಟನ್. ಗುಣಲಬ್ಧ 1.8ರ ಮುಂದೆ ಹತ್ತರ ಹದಿನೆಂಟನೆಯ ಘಾತ. ಮೇಲಿನ ತರಗತಿಯ ಮಕ್ಕಳಿಗಾಗಿ ಸೂತ್ರವನ್ನೂ ಕೊಡುತ್ತೇವೆ:

Mw = (2/3) × (log10 M0 − 9.1)

M0 ಎಂಬಲ್ಲಿ ನಮ್ಮ ಗುಣಲಬ್ಧವನ್ನು ಇಟ್ಟರೆ ಉತ್ತರ 6.1. ಸುಮಾತ್ರಾಕ್ಕೆ ಸೀಳಿನ ಉದ್ದ 1,300 ಕಿಲೋಮೀಟರ್, ಅಗಲ 150, ಜಾರಿದ ದೂರ ಹತ್ತು ಮೀಟರ್ ಎಂದು ಹಿಡಿದರೆ 9.1. ಎರಡರ ನಡುವೆ ಇರುವುದು ಮೂರೇ ಅಂಕಿಗಳು. ಆದರೆ ಮೊಮೆಂಟಿನಲ್ಲಿ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ವ್ಯತ್ಯಾಸ. ಅತಿ ದೊಡ್ಡ ಭೂಕಂಪಗಳು ಫಲಕಗಳ ಗಡಿಯಲ್ಲಿಯೇ ಏಕೆ ಆಗುತ್ತವೆ ಎಂಬುದಕ್ಕೂ ಉತ್ತರ ಇಲ್ಲಿದೆ: ಒಂದು ಫಲಕ ಇನ್ನೊಂದರ ಅಡಿಗೆ ನುಗ್ಗುವ ಅಂಥ ಗಡಿಗಳಲ್ಲಿ ಬಿಟ್ಟರೆ ಸಾವಿರ ಕಿಲೋಮೀಟರ್ ಉದ್ದ, ನೂರಾರು ಕಿಲೋಮೀಟರ್ ಅಗಲದ ಒಂದೇ ಅಖಂಡ ಸೀಳು ಬೇರೆಲ್ಲೂ ದೊರಕದು.

ಹೀಗಿದ್ದೂ 6.2 ಹತ್ತು ಸಾವಿರ ಜೀವಗಳನ್ನು ತೆಗೆದುಕೊಂಡಿತು. ಇಲ್ಲಿ ಎರಡು ಮಾತುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ದೀಪದ ವ್ಯಾಟ್ ಒಂದೇ. ಬೆಳಕು ಮಾತ್ರ ಹತ್ತಿರದವನಿಗೆ ಹೆಚ್ಚು, ದೂರದವನಿಗೆ ಕಡಿಮೆ. ವ್ಯಾಟ್ ಇದ್ದಂತೆ ಭೂಕಂಪದ ಗಾತ್ರ, ಬೆಳಕು ಇದ್ದಂತೆ ಊರೂರಿನ ತೀವ್ರತೆ. ಕಿಲ್ಲಾರಿಯಲ್ಲಿ ಸೀಳು ಬಹಳ ಮೇಲಿತ್ತು. ನೆಲದ ಮೇಲೆಯೇ ಸುಮಾರು ಒಂದು ಕಿಲೋಮೀಟರಿನಷ್ಟು ಅದರ ಗುರುತು ಮೂಡಿತು. ಅದರ ಮೇಲೆ ನಿಂತಿದ್ದ ಮನೆಗಳು ನಮ್ಮ ಸೀಮೆಯ ಮನೆಗಳಂಥವೇ: ಮಣ್ಣಿನಲ್ಲಿ ಕೂರಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಬಿಸಿಲು ತಡೆಯುವ ದಪ್ಪ ಮಣ್ಣಿನ ಮಾಳಿಗೆ. ಬೇಸಗೆಯಲ್ಲಿ ತಂಪು ಕೊಡುವ ಆ ಭಾರವೇ ಅಡ್ಡ ತೂಗಾಟಕ್ಕೆ ಗೋಡೆಯ ಕಲ್ಲುಗಳು ಎರಡು ಪದರಾಗಿ ಸೀಳಿದೊಡನೆ ಮಲಗಿದ್ದವರ ಮೇಲೆ ಇಳಿಯಿತು. ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದು ಕಟ್ಟುವ ಉದ್ದನೆಯ ಅಡ್ಡಗಲ್ಲುಗಳು, ಬಾಗಿಲ ಮಟ್ಟದಲ್ಲಿ ನಾಲ್ಕೂ ಗೋಡೆಗಳನ್ನು ಸುತ್ತುವ ಒಂದು ಪಟ್ಟಿ, ಇವೆರಡು ಇಲ್ಲದ ಹಳೆಯ ಕಲ್ಲುಮನೆ ಇಂದಿಗೂ ಅಪಾಯದ್ದೇ.

2002ರಲ್ಲಿ ನಕ್ಷೆಯನ್ನು ತಿದ್ದಿದಾಗ ಒಂದನೆಯ ವಲಯವನ್ನೇ ತೆಗೆದುಹಾಕಲಾಯಿತು. ಕಿಲ್ಲಾರಿಯ ಸೀಮೆ ಮೂರನೆಯ ವಲಯಕ್ಕೆ ಸೇರಿತು. ಭೂಕಂಪದ ನಂತರ ಅಲ್ಲಿ ಕೊರೆದ ಆಳದ ಬಾವಿಯೊಂದು ಸುಮಾರು 340 ಮೀಟರ್ ಕರಿಕಲ್ಲನ್ನು ದಾಟಿದ ಮೇಲೆ ಆ ಪುರಾತನ ಶಿಲೆಯನ್ನು ಮುಟ್ಟಿತು. ನಾವು ನಿಂತಿರುವ ನೆಲದ ಕೆಳಗೆ ಇಂಥ ಬಿರುಕು ಇದೆಯೋ ಇಲ್ಲವೋ ಎಂಬುದನ್ನು ಮೇಲಿನಿಂದ ನೋಡಿ ಹೇಳಲಾಗದಂತೆ ಮಾಡಿರುವುದು ಅಷ್ಟು ದಪ್ಪದ ಆ ಕಲ್ಲಿನ ಹೊದಿಕೆಯೇ.